ಕನ್ನಡಕ ತೆಗೆದರೆ ಕಣ್ಣು ಎಲ್ಲಿ?

"ಅಪ್ಪನ ಕನ್ನಡಕ ಒಂದು ತೆಗೆದುಬಿಡಿ ಸಾರ್, ಸಾಕು." ಕಟ್ಟು ಹಾಕಿಸಲು ಫೋಟೊ ತಂದವರು ಹೀಗೆ ಸಲೀಸಾಗಿ ಹೇಳುತ್ತಾರೆ. ಯಾವುದೋ ಮದುವೆಯಲ್ಲಿ ತೆಗೆದ ಚಿತ್ರ. ಫ್ಲ್ಯಾಶ್ ಬೆಳಕು ಬಡಿದು ಎಡಗಣ್ಣಿನ ಗಾಜು ಪೂರ್ತಿ ಬೆಳ್ಳಗಾಗಿದೆ.

ಫ್ರೇಮ್ ಅಳಿಸುವುದು ಇದ್ದುದರಲ್ಲಿ ಸುಲಭ. ಆದರೆ ಹೊಸಬರು ಮೊದಲು ಹೀಲಿಂಗ್ ಬ್ರಷ್ಷಿಗೇ ಕೈಹಾಕುತ್ತಾರೆ. ಅದು ಸುತ್ತಲಿನ ಬಣ್ಣವನ್ನು ಬೆರೆಸಿಕೊಳ್ಳುವುದರಿಂದ ಫ್ರೇಮಿನ ಕಪ್ಪು ಕೆನ್ನೆಗೆ ಮಸಿಯಂತೆ ಹರಡುತ್ತದೆ. ಮೊದಲು ಕ್ಲೋನ್ ಸ್ಟ್ಯಾಂಪಿನಿಂದ ಪಕ್ಕದ ಚರ್ಮವನ್ನು ತಂದು ಕಪ್ಪು ಗೆರೆಯನ್ನು ಮುಚ್ಚಿ, ಆಮೇಲೆ ಹೀಲಿಂಗಿನಿಂದ ನಯಗೊಳಿಸಬೇಕು. ಕೆನ್ನೆಯ ಮೇಲೆ ಬಿದ್ದ ಫ್ರೇಮಿನ ನೆರಳನ್ನು ಮರೆತರೆ, ಇಲ್ಲದ ಕನ್ನಡಕದ ನೆರಳು ಮಾತ್ರ ಉಳಿದು ನಗೆಪಾಟಲಾಗುತ್ತದೆ.

ನಿಜವಾದ ತೊಡಕು ಗಾಜಿನೊಳಗಿದೆ. ಮೈನಸ್ ಪವರಿನ ಗಾಜು ತನ್ನ ಹಿಂದಿರುವುದನ್ನೆಲ್ಲ ಕುಗ್ಗಿಸಿ ತೋರಿಸುತ್ತದೆ. ಪವರ್ ಮೈನಸ್ 6 ಇದ್ದರೆ ಕಣ್ಣು ನೂರಕ್ಕೆ ಎಂಟರಷ್ಟು ಚಿಕ್ಕದಾಗಿ ಕಾಣುತ್ತದೆ. ಗಾಜಿನ ಅಂಚಿನಲ್ಲಿ ಮುಖದ ಹೊರಗೆರೆಯೂ ಒಳಕ್ಕೆ ಜಾರಿರುತ್ತದೆ. ಫ್ರೇಮ್ ಹೋದ ಮೇಲೆ ಕಣತಲೆಯ ಹತ್ತಿರ ಯಾರೋ ಚಿವುಟಿದಂತೆ ಒಂದು ತಗ್ಗು ಕಂಡರೆ ಅದಕ್ಕೆ ಇದೇ ಕಾರಣ. ಲಿಕ್ವಿಫೈನಲ್ಲಿ ಆ ಗೆರೆಯನ್ನು ಹೊರಕ್ಕೆ ತಳ್ಳಿ ಹಣೆ, ಕೆನ್ನೆಗಳ ಸಾಲಿಗೆ ಕೂಡಿಸಬೇಕು. ಕಣ್ಣನ್ನೂ ಅಷ್ಟೇ ಹಿಗ್ಗಿಸಬೇಕು.

ಇನ್ನು ಆ ಬಿಳಿ. ಮಂಜಿನ ಪರದೆಯಂತೆ ತೆಳುವಾಗಿದ್ದರೆ ಅಡಿಯಲ್ಲಿ ರೆಪ್ಪೆಯ ಗೆರೆಗಳು ಇರುತ್ತವೆ; ಕರ್ವ್ಸ್ ಇಳಿಸಿದರೆ ಮೇಲೆದ್ದು ಬರುತ್ತವೆ. ಆದರೆ ಈ ಚಿತ್ರದಲ್ಲಿ ಬರೀ ಬಿಳಿ, ಎಷ್ಟು ಕಪ್ಪು ಮಾಡಿದರೂ ಬೂದಿಯೇ. ಹಾಗಾಗಿ ಬಲಗಣ್ಣನ್ನು ಸಾಲ ತಂದು, ಎಡಬಲ ಮಗುಚಿ ಕೂರಿಸಿದೆ. ಅಪ್ಪ ಮೆಳ್ಳೆಗಣ್ಣಿನವರಾದರು! ಅವರು ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದರು; ಮಗುಚಿದ ಕಣ್ಣು ಎದುರು ದಿಕ್ಕಿಗೆ ತಿರುಗಿತ್ತು. ರೆಪ್ಪೆಗಳನ್ನಷ್ಟೇ ಮಗುಚಿದ್ದು ಉಳಿಸಿಕೊಂಡು ಕಣ್ಣಾಲಿಯನ್ನು ಮಗುಚದೆ ಇಟ್ಟಾಗ ನೋಟ ಸರಿಹೋಯಿತು. ಕಣ್ಣಾಲಿಯಲ್ಲಿ ಹೊಳೆಯುವ ಬೆಳಕಿನ ಚುಕ್ಕಿಯೂ ಎರಡು ಕಣ್ಣಲ್ಲಿ ಒಂದೇ ಕಡೆಗಿರಬೇಕು. ದೀಪ ಒಂದೇ ತಾನೆ.

ಈ ಕಸುಬು ಗೋಡೆಯ ಫೋಟೊಗೆ ಮಾತ್ರ. ಅಮೆರಿಕದ ವೀಸಾ ಫೋಟೊದಲ್ಲಿ 2016ರ ನವೆಂಬರ್ 1ರಿಂದ ಕನ್ನಡಕ ನಿಷಿದ್ಧ. ಹಾಗೆಂದು ಕಂಪ್ಯೂಟರಿನಲ್ಲಿ ಅಳಿಸಿ ಕೊಡುವಂತೆಯೂ ಇಲ್ಲ. ಕನ್ನಡಕ ತೆಗೆದಿಟ್ಟು ಹೊಸದಾಗಿ ತೆಗೆಸಿಕೊಳ್ಳಬೇಕು.

ಮೂಗಿನ ಎರಡೂ ಬದಿಯ ಗುಳಿಗಳನ್ನು ನಾನು ಪೂರ್ತಿ ಅಳಿಸಲಿಲ್ಲ. ಫೋಟೊ ನೋಡಿದ ಮಗ ಮೊದಲು ಬೆರಳಿಟ್ಟಿದ್ದು ಅಲ್ಲಿಗೇ: "ಇದು ಇರಲಿ ಸಾರ್."