ರಾತ್ರಿಯ ಚಿತ್ರದಲ್ಲಿ ಹೊಸ ಅಕ್ಷರ: ನಾಯ್ಸ್ ಹೊಂದಿಸುವ ಬಗೆ

ಹೆಚ್ಚಿನ ಐಎಸ್‌ಒದಲ್ಲಿ ತೆಗೆದ ರಾತ್ರಿಯ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಹೊಸ ಅಕ್ಷರ ಸೇರಿಸಿದರೆ, ಅದು ಮೇಲೆ ಅಂಟಿಸಿದಂತೆ ಎದ್ದು ಕಾಣುತ್ತದೆ. ಚಿತ್ರದ ತುಂಬ ಸಣ್ಣ ಚುಕ್ಕೆಗಳ ತರಿ ಇರುತ್ತದೆ. ಹೊಸ ಅಕ್ಷರ ಮಾತ್ರ ನುಣುಪಾಗಿರುತ್ತದೆ. ಈ ತರಿಯನ್ನು ಛಾಯಾಗ್ರಾಹಕರು ನಾಯ್ಸ್ ಎಂದೂ ಗ್ರೇನ್ ಎಂದೂ ಕರೆಯುತ್ತಾರೆ. ಅಕ್ಷರ ಚಿತ್ರದೊಳಗೆ ಬೆರೆಯಬೇಕಾದರೆ ತರಿಯ ಪ್ರಮಾಣ ಮತ್ತು ಕಾಳಿನ ಗಾತ್ರ ಎರಡೂ ಹೊಂದಬೇಕು.

ಪ್ರಮಾಣವನ್ನು ನಿರ್ಧರಿಸುವುದು ಬೆಳಕು. ಬೆಳಕು ಫೋಟಾನ್‌ಗಳೆಂಬ ಕಣಗಳಾಗಿ, ಹೆಚ್ಚುಕಡಿಮೆಯಾಗಿ ಬಂದು ಬೀಳುತ್ತದೆ. ಸರಾಸರಿ 10,000 ಕಣ ಬೀಳುವಲ್ಲಿ ಏರಿಳಿತ ಸುಮಾರು 100, ಅಂದರೆ ಶೇ. 1. ಸರಾಸರಿ 100 ಕಣವಷ್ಟೇ ಬೀಳುವಲ್ಲಿ ಏರಿಳಿತ 10, ಅಂದರೆ ಶೇ. 10. ಐಎಸ್‌ಒ ಏರಿಸಿದರೆ ಬೆಳಕು ಹೆಚ್ಚುವುದಿಲ್ಲ. ಸಿಕ್ಕ ಅಲ್ಪ ಬೆಳಕಿನ ಸಂಕೇತ ತನ್ನ ಏರಿಳಿತದ ಸಮೇತ ವರ್ಧಿಸುತ್ತದೆ. ಹಾಗಾಗಿ ಒಂದೇ ಚಿತ್ರದಲ್ಲೂ ಕತ್ತಲಿನ ಭಾಗದಲ್ಲಿ ತರಿ ಹೆಚ್ಚು ಕಾಣುತ್ತದೆ, ಬೆಳಕಿನ ಭಾಗದಲ್ಲಿ ಕಡಿಮೆ. ಪೂರ್ತಿ ಬಿಳಿಚಿಕೊಂಡ ಬೀದಿದೀಪದ ಬುರುಡೆಯಲ್ಲಂತೂ ಅದು ಇರುವುದೇ ಇಲ್ಲ.

ಕಾಳಿನ ಗಾತ್ರಕ್ಕೆ ಕಾರಣ ಕ್ಯಾಮೆರಾ. ಸಾಮಾನ್ಯ ಸೆನ್ಸರಿನ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಲಾಗುತ್ತದೆ. ಇದರಿಂದ ಒಂದು ಪಿಕ್ಸೆಲ್‌ನ ತಪ್ಪು ನೆರೆಯವಕ್ಕೂ ಹರಡುತ್ತದೆ. ಆಮೇಲೆ ಕ್ಯಾಮೆರಾ ನಾಯ್ಸ್ ತಗ್ಗಿಸುವಾಗ ಬಣ್ಣವನ್ನು ಹೆಚ್ಚು ಸವರುತ್ತದೆ. ಕೊನೆಗೆ ಜೆಪೆಗ್ ಚಿತ್ರದಲ್ಲಿ ಉಳಿಯುವುದು ಬೆಳಕಿನ ಸಣ್ಣ ತರಿ ಮತ್ತು ಬಣ್ಣದ ಅಗಲವಾದ ಕಲೆಗಳು. ಸಾಫ್ಟ್‌ವೇರ್ ಪಿಕ್ಸೆಲ್‌ಗೊಂದರಂತೆ ಎರಚುವ ನಾಯ್ಸ್ ಇದರ ಪಕ್ಕದಲ್ಲಿ ಮರಳಿನಂತೆ ಚೂಪಾಗಿ ಕಾಣುವುದು ಈ ಕಾರಣಕ್ಕೆ.

ಒಂದು ಉದಾಹರಣೆ ನೋಡಬಹುದು. ಕಾದಂಬರಿಯೊಂದರ ಮುಖಪುಟಕ್ಕೆ ಐಎಸ್‌ಒ 6400ರಲ್ಲಿ ತೆಗೆದ ಬೀದಿಯ ಚಿತ್ರವಿದೆ. ಅಂಗಡಿಯ ಕಡುಹಸಿರು ಬೋರ್ಡಿನ ಮೇಲಿನ ಕೆನೆಬಣ್ಣದ ಹೆಸರಿನ ಜಾಗದಲ್ಲಿ ಪುಸ್ತಕದ ಹೆಸರು ಬರಬೇಕಿದೆ. ಹಳೆಯ ಅಕ್ಷರ ಅಳಿಸುವ ಮೊದಲೇ ಅಳತೆ ತೆಗೆದುಕೊಳ್ಳಬೇಕು. ಬಣ್ಣ ಸಮನಾಗಿರುವ ಪುಟ್ಟ ಚೌಕವನ್ನು ಆಯ್ದು ಫೋಟೋಶಾಪಿನ Histogram ಫಲಕ ನೋಡಿದರೆ Mean ಸರಾಸರಿಯನ್ನೂ Std Dev ಏರಿಳಿತವನ್ನೂ ತೋರಿಸುತ್ತದೆ. ಹಸಿರಿನಲ್ಲಿ ಸರಾಸರಿ 40, ಏರಿಳಿತ 9. ಹಳೆಯ ಅಕ್ಷರದಲ್ಲಿ ಸರಾಸರಿ 170, ಏರಿಳಿತ 5 ಎಂದು ಬಂತೆನ್ನೋಣ. ಹೊಸ ಅಕ್ಷರದ ಗುರಿ 5. ಚೌಕದೊಳಗೆ ನೆರಳಿನ ಇಳಿಜಾರು ಸೇರಿದ್ದರೆ ಅಂಕಿ ಸುಳ್ಳಾಗಿ ಹೆಚ್ಚುತ್ತದೆ.

ಹಳೆಯ ಅಕ್ಷರವನ್ನು ಕ್ಲೋನ್ ಉಪಕರಣದಿಂದ ಮುಚ್ಚಿದರೆ ಬೋರ್ಡಿನ ನಿಜವಾದ ತರಿಯೇ ನಕಲಾಗುತ್ತದೆ. ಆದರೆ ಬ್ರಷ್ ತೀರ ಮೃದುವಾಗಿರಬಾರದು. ಎರಡು ಕಡೆಯ ತರಿ ಅರ್ಧರ್ಧ ಬೆರೆತ ಅಂಚಿನಲ್ಲಿ ಏರಿಳಿತ ಶೇ. 70ರಷ್ಟಕ್ಕೆ ಇಳಿದು, ಅಲ್ಲಿ ನುಣುಪಾದ ಉಂಗುರ ಮೂಡುತ್ತದೆ.

ಹೊಸ ಅಕ್ಷರಕ್ಕೆ ಹಳೆಯದರ ಬಣ್ಣವನ್ನೇ ಹಾಕಿ, ಹಳೆಯ ಅಂಚು ಎಷ್ಟು ಪಿಕ್ಸೆಲ್‌ಗಳಲ್ಲಿ ಕರಗುತ್ತಿತ್ತೋ ಅಷ್ಟು ಮಸುಕುಗೊಳಿಸಬೇಕು. ಇದು ನಾಯ್ಸ್ ಹಾಕುವ ಮೊದಲೇ ಮುಗಿಯಬೇಕು. ಆಮೇಲೆ ಮಸುಕುಗೊಳಿಸಿದರೆ ತರಿಯೂ ಅಳಿಸಿಹೋಗುತ್ತದೆ. ನಂತರ ಶೇ. 50 ಬೂದುಬಣ್ಣದ ಪದರವೊಂದನ್ನು ಅಕ್ಷರಕ್ಕಷ್ಟೇ ತಗಲುವಂತೆ ಮೇಲೆ ಸೇರಿಸಿ, Linear Light ವಿಧಾನದಲ್ಲಿಟ್ಟು, Add Noise ಮೂಲಕ Gaussian ನಾಯ್ಸ್ ತುಂಬಬೇಕು. Monochromatic ಆಯ್ದರೆ ಬೆಳಕಿನ ತರಿ ಮಾತ್ರ ಬರುತ್ತದೆ. ಅದನ್ನು 0.7 ಪಿಕ್ಸೆಲ್‌ನಷ್ಟು ಮಸುಕುಗೊಳಿಸಿದರೆ ಕಾಳು ದಪ್ಪವಾಗುತ್ತದೆ, ಆದರೆ ಏರಿಳಿತ ಸುಮಾರು ಶೇ. 40ಕ್ಕೆ ಕುಸಿಯುತ್ತದೆ. ಕೊನೆಗೆ 5 ಉಳಿಯಬೇಕಾದರೆ ಮಸುಕುಗೊಳಿಸುವ ಮೊದಲು 12ರ ಆಸುಪಾಸಿನಲ್ಲಿರಬೇಕು. ಬಣ್ಣದ ಕಲೆಗಳಿಗೆ ಇಂಥದೇ ಇನ್ನೊಂದು ಪದರ ಬೇಕು; ಅಲ್ಲಿ Monochromatic ಆಯ್ಕೆ ತೆಗೆದು, ನಾಯ್ಸ್ ಕಡಿಮೆ ಹಾಕಿ, ಎರಡು ಮೂರು ಪಿಕ್ಸೆಲ್ ಮಸುಕುಗೊಳಿಸಿದರೆ ಸಾಕು. ಎರಡೂ ಪದರ ಸೇರಿದ ಮೇಲೆ ಅಕ್ಷರದೊಳಗೆ ಮತ್ತೆ ಅಳೆದು 5ಕ್ಕೆ ತರಬೇಕು.

ಪರೀಕ್ಷೆಗೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ತೆರೆಯಬೇಕು. ಹಳದಿ ಬೆಳಕಿನಲ್ಲಿ ನೀಲಿ ಕಡಿಮೆ ಇರುವುದರಿಂದ ಆ ಚಾನೆಲ್‌ನಲ್ಲೇ ತರಿ ಹೆಚ್ಚು, ತಪ್ಪು ಬಯಲಾಗುವುದೂ ಸಾಮಾನ್ಯವಾಗಿ ಅಲ್ಲೇ. ತಾತ್ಕಾಲಿಕವಾಗಿ ಕಾಂಟ್ರಾಸ್ಟ್ ಏರಿಸಿದರೆ ನುಣುಪಾಗಿ ಉಳಿದ ತೇಪೆ ಕಣ್ಣಿಗೆ ಬೀಳುತ್ತದೆ. ಚಿತ್ರದ ಗಾತ್ರ ಬದಲಿಸುವುದಿದ್ದರೆ ಮೊದಲೇ ಬದಲಿಸಬೇಕು, ಯಾಕೆಂದರೆ ಕುಗ್ಗಿಸಿದಾಗ ತರಿಯ ಲೆಕ್ಕವೂ ಬದಲಾಗುತ್ತದೆ.

ಈ ಹೊಂದಾಣಿಕೆ ಕಣ್ಣಿಗೆ ಮಾತ್ರ. ಪ್ರತಿ ಸೆನ್ಸರಿಗೂ ಅದರದೇ ಸೂಕ್ಷ್ಮ ಸ್ಥಿರ ವಿನ್ಯಾಸವೊಂದಿರುತ್ತದೆ. ಸೇರಿಸಿದ ಅಕ್ಷರದಲ್ಲಿ ಅದು ಇಲ್ಲದಿರುವುದನ್ನು ವಿಧಿವಿಜ್ಞಾನದ ಪರೀಕ್ಷೆ ಪತ್ತೆ ಹಚ್ಚಬಲ್ಲದು. ಮುಖಪುಟ, ಜಾಹೀರಾತು, ಸಿನಿಮಾಗಳಿಗೆ ಈ ವಿಧಾನ ಸಲ್ಲುತ್ತದೆ. ಸುದ್ದಿಚಿತ್ರಕ್ಕೂ ದಾಖಲೆಗೂ ಸಲ್ಲದು.