ನಿಮಗಿದು ಗೊತ್ತೇ? ತಿಂಗಳ ಕೊನೆಯ ಎನ್‌ಎವಿ ಲೆಕ್ಕ

ಷೇರುಪೇಟೆ ಮಧ್ಯಾಹ್ನ 3.30ಕ್ಕೆ ಮುಚ್ಚಿದರೂ ಮ್ಯೂಚುವಲ್ ಫಂಡಿನ ಆ ದಿನದ ಎನ್‌ಎವಿ ಕೂಡಲೇ ಸಿಗುವುದಿಲ್ಲ, ಗೊತ್ತೇ? ಫಂಡಿನಲ್ಲಿರುವ ಷೇರುಗಳಿಗೆಲ್ಲ ಅಂದಿನ ಮುಕ್ತಾಯದ ಬೆಲೆ ಕಟ್ಟಿ, ಖರ್ಚು ಕಳೆದು, ಉಳಿದದ್ದನ್ನು ಒಟ್ಟು ಯೂನಿಟ್‌ಗಳಿಗೆ ಹಂಚಬೇಕು. ಬಹುತೇಕ ಫಂಡ್‌ಗಳಿಗೆ ಇದನ್ನು ಪ್ರಕಟಿಸಲು ರಾತ್ರಿ 11ರವರೆಗೆ ಸಮಯವಿದೆ. ಸಂಜೆ ಆರಕ್ಕೆ ಮೊಬೈಲ್ ತೆರೆದರೆ ಕಾಣುವುದು ಸಾಮಾನ್ಯವಾಗಿ ಹಿಂದಿನ ದಿನದ ಅಂಕಿ. ನಿಮ್ಮ ತಿಂಗಳ ಲೆಕ್ಕದ ಶೀಟಿನಲ್ಲಿ ಅದನ್ನು ಬರೆಯುವ ಮುನ್ನ ಪಕ್ಕದ ದಿನಾಂಕ ನೋಡಿ.

ಎಲ್ಲ ಫಂಡ್‌ಗಳ ಎನ್‌ಎವಿ ಒಂದೇ ಕಡೆ, ದುಡ್ಡಿಲ್ಲದೆ ಸಿಗುತ್ತದೆ! ಫಂಡ್ ಕಂಪನಿಗಳ ಒಕ್ಕೂಟ ಆಂಫಿಯ NAVAll.txt ಕಡತದಲ್ಲಿ ಪ್ರತಿ ಯೋಜನೆಗೂ ಒಂದು ಸಾಲು. ಒಂದೇ ಫಂಡಿಗೆ ಡೈರೆಕ್ಟ್, ರೆಗ್ಯುಲರ್, ಗ್ರೋತ್, ಐಡಿಸಿಡಬ್ಲ್ಯು ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಹೆಸರು ನೋಡಿ ಹುಡುಕಿದರೆ ಪಕ್ಕದ ಸಾಲಿಗೆ ಕೈ ಹೋಗುವುದು ಸುಲಭ. ನಿಮ್ಮ ಯೋಜನೆಯ Scheme Code ಅನ್ನು ಶೀಟಿನ ಮೊದಲ ಕಾಲಂನಲ್ಲೇ ಬರೆದಿಡಿ.

ತಿಂಗಳ ಕೊನೆ ರಜಾದಿನಕ್ಕೆ ಬಿದ್ದರೆ? 2025ರ ಆಗಸ್ಟ್ 31 ಭಾನುವಾರವಾಗಿತ್ತು. ಈಕ್ವಿಟಿ ಫಂಡಿಗೆ ಆ ತಿಂಗಳ ಕೊನೆಯ ಎನ್‌ಎವಿ ಶುಕ್ರವಾರ, 29ರದ್ದು. ಲಿಕ್ವಿಡ್ ಫಂಡಿಗಾದರೆ ಭಾನುವಾರವೂ ಎನ್‌ಎವಿ ಉಂಟು, ಬಡ್ಡಿ ರಜಾದಿನಕ್ಕೂ ಸೇರುತ್ತದಲ್ಲ!

ಎನ್‌ಎವಿ ಇಳಿದಿದ್ದರೂ ನಿಮಗೆ ಲಾಭವೇ ಆಗಿರಬಹುದು, ಗೊತ್ತೇ? ಐಡಿಸಿಡಬ್ಲ್ಯು ಯೋಜನೆಯಲ್ಲಿ ಹಣ ಹಂಚಿದ ದಿನ ಅಷ್ಟೇ ಮೊತ್ತ ಎನ್‌ಎವಿಯಿಂದ ಕಳೆಯುತ್ತದೆ. ಒಂದು ಉದಾಹರಣೆ: ಹೋದ ತಿಂಗಳ ಕೊನೆಗೆ 31.40 ರೂಪಾಯಿ, ಈ ತಿಂಗಳ ಕೊನೆಗೆ 29.80, ನಡುವೆ ಯೂನಿಟ್‌ಗೆ 2 ರೂಪಾಯಿ ಹಂಚಿಕೆ. ಎನ್‌ಎವಿಯನ್ನಷ್ಟೇ ಹೋಲಿಸಿದರೆ ಶೇ 5.10 ನಷ್ಟ. ಹಂಚಿದ್ದನ್ನು ಕೂಡಿಸಿದರೆ ಶೇ 1.27 ಲಾಭ! ಎನ್‌ಎವಿ C ಕಾಲಂನಲ್ಲಿ, ಹಂಚಿಕೆ D ಕಾಲಂನಲ್ಲಿದ್ದು, ಹೋದ ತಿಂಗಳು 2ನೇ ಸಾಲಿನಲ್ಲಿ, ಈ ತಿಂಗಳು 3ನೇ ಸಾಲಿನಲ್ಲಿದ್ದರೆ ಸೂತ್ರ ಹೀಗೆ:

```
=(C3+D3-C2)/C2
```

ಗ್ರೋತ್ ಯೋಜನೆಗೂ ಇದೇ ಸಾಕು, D ಖಾಲಿ ಇರುತ್ತದೆ ಅಷ್ಟೆ. ಫಂಡಿನ ವಾರ್ಷಿಕ ಖರ್ಚನ್ನು ಇದರಿಂದ ಮತ್ತೆ ಕಳೆಯಬೇಡಿ. ಅದು ದಿನಾ ಸ್ವಲ್ಪಸ್ವಲ್ಪವಾಗಿ ಎನ್‌ಎವಿಯಲ್ಲೇ ಕಳೆದಿರುತ್ತದೆ.

ಎಸ್‌ಐಪಿ ಕಟ್ಟುವವರ ಶೀಟು ಹೆಚ್ಚಾಗಿ ಕೆಡುವುದು ಒಟ್ಟು ಮೌಲ್ಯದ ಕಾಲಂನಲ್ಲಿ. ಈ ತಿಂಗಳು 5,000 ರೂಪಾಯಿ ಕಟ್ಟಿದ್ದೀರಿ ಎನ್ನಿ. ಶೇ 0.005ರ ಸ್ಟಾಂಪ್ ಡ್ಯೂಟಿ 25 ಪೈಸೆ ಹೋಗಿ 4,999.75 ಉಳಿಯಿತು, ಎನ್‌ಎವಿ 49.65 ಇದ್ದರೆ ಸುಮಾರು 100.700 ಯೂನಿಟ್ ಬಂತು. ಖಾತೆಯ ಮೌಲ್ಯ ಹತ್ತಿರ ಹತ್ತಿರ 5,000 ಏರಿತು, ಆದರೆ ಅದು ಫಂಡ್ ಗಳಿಸಿದ್ದಲ್ಲ, ನೀವು ಹಾಕಿದ್ದು. ಕಟ್ಟಿದ ಹಣಕ್ಕೆ ಬೇರೆಯೇ ಕಾಲಂ ಇಡಿ. ತಿಂಗಳ ಏರಿಳಿತವನ್ನು ಮೇಲಿನ ಎನ್‌ಎವಿ ಸೂತ್ರದಿಂದಲೇ ತೆಗೆಯಿರಿ.