ಎನ್‌ಪಿವಿ ಋಣವಾದಾಗ: ಮುಂದಿನ ಅವಕಾಶಕ್ಕೆ ಬೆಲೆ ಕಟ್ಟುವ ಬಗೆ

ಒಂದು ಯೋಜನೆಯಿಂದ ಮುಂದಿನ ವರ್ಷಗಳಲ್ಲಿ ಬರುವ ಹಣವನ್ನೆಲ್ಲ ಇಂದಿನ ಬೆಲೆಗೆ ಇಳಿಸಿ, ಅದರಿಂದ ಹೂಡಿಕೆಯನ್ನು ಕಳೆದಾಗ ಉಳಿಯುವುದೇ ನಿವ್ವಳ ವರ್ತಮಾನ ಮೌಲ್ಯ, ಅಂದರೆ ಎನ್‌ಪಿವಿ. ಅದು ಸೊನ್ನೆಗಿಂತ ಕೆಳಗಿದ್ದರೆ ಯೋಜನೆಯನ್ನು ಕೈಬಿಡಬೇಕು ಎಂಬುದು ನಿಯಮ. ಆದರೂ ‘ಲೆಕ್ಕದಲ್ಲಿ ಕೊರತೆಯಿದೆ ನಿಜ, ಕಾರ್ಯತಂತ್ರದ ದೃಷ್ಟಿಯಿಂದ ಇದು ಬೇಕೇ ಬೇಕು’ ಎಂಬ ವಾದ ಆಡಳಿತ ಮಂಡಳಿಯ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ವಾದ ಸುಳ್ಳೇ ಆಗಿರಬೇಕಿಲ್ಲ. ಆದರೆ ಅದಕ್ಕೊಂದು ಅಂಕಿ ಇಲ್ಲದಿದ್ದರೆ ಯಾವ ಯೋಜನೆಯನ್ನಾದರೂ ಸಮರ್ಥಿಸಿಕೊಳ್ಳಬಹುದು.

ಅಂಕಿ ಹುಡುಕುವ ಕೆಲಸವನ್ನು ಹಿಂದಿನಿಂದ ಆರಂಭಿಸುವುದು ಸುಲಭ. ಕಾರ್ಯತಂತ್ರದ ಲಾಭ ಎಷ್ಟು ಎಂದು ಊಹಿಸುವ ಮೊದಲು, ಅದು ಕನಿಷ್ಠ ಎಷ್ಟಿರಬೇಕು ಎಂದು ಕೇಳಬೇಕು. ಒಂದು ಕಾಲ್ಪನಿಕ ಉದಾಹರಣೆ: ಸಿರಿಧಾನ್ಯದ ತಿನಿಸು ತಯಾರಿಸುವ ಕಂಪನಿಯೊಂದು 10 ಕೋಟಿ ರೂಪಾಯಿಯ ಸಣ್ಣ ಘಟಕ ಹಾಕಲು ಯೋಚಿಸುತ್ತಿದೆ. ಅದರಿಂದ 5 ವರ್ಷ, ವರ್ಷಕ್ಕೆ 2.5 ಕೋಟಿ ಬರುತ್ತದೆ. ಶೇ 12ರ ಡಿಸ್ಕೌಂಟ್ ದರದಲ್ಲಿ ಇದರ ಇಂದಿನ ಬೆಲೆ ಸುಮಾರು 9.01 ಕೋಟಿ. ಕೊರತೆ 99 ಲಕ್ಷ.

ಈ 99 ಲಕ್ಷ ಇಂದಿನ ಹಣ. ಕಾರ್ಯತಂತ್ರದ ಲಾಭವೋ ನಾಳೆಯದು. ಅದು 5 ವರ್ಷವೂ ಸಮನಾಗಿ ಬರುವುದಾದರೆ ವರ್ಷಕ್ಕೆ ಸುಮಾರು 27.5 ಲಕ್ಷ ಸಾಕು. ಮೂರನೇ ವರ್ಷದ ಕೊನೆಗೆ ಒಂದೇ ಕಂತಿನಲ್ಲಿ ಬರುವುದಾದರೆ 1.39 ಕೋಟಿ ಬೇಕು. ಐದನೇ ವರ್ಷದವರೆಗೆ ಕಾಯುವುದಾದರೆ ಅದೇ 1.74 ಕೋಟಿ ದಾಟುತ್ತದೆ. ‘ಬ್ರ್ಯಾಂಡಿಗೆ ಹೆಸರು ಬರುತ್ತದೆ’ ಎನ್ನುವವರ ಮುಂದೆ ಆಗ ಸ್ಪಷ್ಟವಾದ ಪ್ರಶ್ನೆ ಇಡಬಹುದು: ಆ ಹೆಸರಿನಿಂದ ಕಂಪನಿಯ ಉಳಿದ ಉತ್ಪನ್ನಗಳಲ್ಲಿ ವರ್ಷಕ್ಕೆ 27.5 ಲಕ್ಷ ಹೆಚ್ಚು ಉಳಿಯುತ್ತದೆಯೇ?

ಬಹಳಷ್ಟು ಸಲ ಕಾರ್ಯತಂತ್ರದ ಮೌಲ್ಯ ಎಂದರೆ ಮುಂದೆ ದೊಡ್ಡದಾಗಿ ಬೆಳೆಯುವ ಅವಕಾಶ. ಇದನ್ನು ಷೇರುಪೇಟೆಯ ಆಪ್ಷನ್‌ನಂತೆ ನೋಡಬಹುದೆಂದು ಅರ್ಥಶಾಸ್ತ್ರಜ್ಞ ಸ್ಟೀವರ್ಟ್ ಮಯರ್ಸ್ 1977ರಲ್ಲಿ ತೋರಿಸಿದರು. ‘ರಿಯಲ್ ಆಪ್ಷನ್’ ಎಂಬ ಹೆಸರೂ ಅವರದೇ. ಅಮೆರಿಕದ ಔಷಧ ಕಂಪನಿ ಮರ್ಕ್ ಹೊಸ ಸಂಶೋಧನೆಗಳ ಹೂಡಿಕೆಯನ್ನು ಹೀಗೆ ಅಳೆಯುತ್ತಿತ್ತು ಎಂದು ಅದರ ಹಣಕಾಸು ಮುಖ್ಯಸ್ಥೆ ಜೂಡಿ ಲೆವೆಂಟ್ 1994ರಲ್ಲಿ ವಿವರಿಸಿದ್ದರು. ಮೊದಲು ಕೊಡುವ ಸಣ್ಣ ಮೊತ್ತ ಹಕ್ಕಿನ ಬೆಲೆ. ಫಲಿತಾಂಶ ಕಂಡ ಮೇಲೆ ದೊಡ್ಡ ಮೊತ್ತ ಹಾಕಬೇಕೇ ಬೇಡವೇ ಎಂಬ ತೀರ್ಮಾನ.

ತಿನಿಸಿನ ಕಂಪನಿಗೂ ಅಂಥ ಹಕ್ಕಿದೆ ಎನ್ನೋಣ. ಮೂರನೇ ವರ್ಷದ ಕೊನೆಗೆ 40 ಕೋಟಿಯ ದೊಡ್ಡ ಕಾರ್ಖಾನೆ ಕಟ್ಟಬಹುದು. ಬೇಡಿಕೆ ಕುದುರಿದರೆ ಆಗ ಅದರ ಬೆಲೆ 55 ಕೋಟಿ, ಕುದುರದಿದ್ದರೆ 25 ಕೋಟಿ. ಕುದುರುವ ಸಾಧ್ಯತೆ ಶೇ 30 ಮಾತ್ರ ಎಂದಾದರೆ ಸರಾಸರಿ ಬೆಲೆ 34 ಕೋಟಿ. ಇಂದೇ ಮಾತು ಕೊಟ್ಟರೆ 6 ಕೋಟಿ ನಷ್ಟ. ಆದರೆ ಕಂಪನಿ ಮಾತು ಕೊಟ್ಟಿಲ್ಲ. ಬೇಡಿಕೆ ಬಿದ್ದರೆ ಅದು ಕಟ್ಟುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಬರುವುದು 15 ಕೋಟಿ ಲಾಭದ ಶೇ 30, ಅಂದರೆ 4.5 ಕೋಟಿ. ಇಂಥ ಅವಕಾಶದ ಅಪಾಯ ಮಾಮೂಲು ಮಾರಾಟಕ್ಕಿಂತ ಬಹಳ ಹೆಚ್ಚು, ಶೇ 12ರ ದರ ಸಾಲದು. ಶೇ 25ರಲ್ಲಿ ಇಳಿಸಿದರೂ ಇಂದಿನ ಬೆಲೆ 2.3 ಕೋಟಿ ಆಗುತ್ತದೆ. 99 ಲಕ್ಷದ ಕೊರತೆ ತುಂಬಿ 1.31 ಕೋಟಿ ಉಳಿಯುತ್ತದೆ. ಶೇ 30 ಎಂಬ ಊಹೆಯ ಮೇಲೆ ನಂಬಿಕೆ ಇಲ್ಲದವರು ಲೆಕ್ಕವನ್ನು ತಿರುಗಿಸಬಹುದು: ಅದೇ ದರದಲ್ಲಿ ಕೊರತೆ ತುಂಬಲು ಶೇ 13ರಷ್ಟು ಸಾಧ್ಯತೆ ಇದ್ದರೆ ಸಾಕು. ಶೇ 30 ನಿಜವೇ ಎಂದು ಜಗಳವಾಡುವುದಕ್ಕಿಂತ, ಶೇ 13ಕ್ಕಿಂತ ಹೆಚ್ಚಿದೆಯೇ ಎಂದು ತೀರ್ಮಾನಿಸುವುದು ಎಷ್ಟೋ ಸುಲಭ.

ಈ ಲೆಕ್ಕ ದಾರಿ ತಪ್ಪುವುದು ಹೆಚ್ಚಾಗಿ ಪ್ರತಿಸ್ಪರ್ಧಿಗಳನ್ನು ಮರೆತಾಗ. ಸಣ್ಣ ಘಟಕ ಹಾಕದವರೂ ಮೂರು ವರ್ಷದ ನಂತರ ಅದೇ ಪೇಟೆಗೆ ನುಗ್ಗಬಹುದಾದರೆ 15 ಕೋಟಿಯ ಲಾಭ ಹಾಗೇ ಉಳಿಯದು. ಅದು 5 ಕೋಟಿಗೆ ಕುಸಿದರೆ ಹಕ್ಕಿನ ಇಂದಿನ ಬೆಲೆ 77 ಲಕ್ಷ. ಯೋಜನೆ ಮತ್ತೆ 22 ಲಕ್ಷ ಕೊರತೆಗೆ ಬೀಳುತ್ತದೆ. ಘಟಕವಿಲ್ಲದೆಯೂ ಕಂಪನಿಗೆ ಅದೇ ಅವಕಾಶ ಸಿಗುವಂತಿದ್ದರೆ ಅದರ ಬೆಲೆಯನ್ನು ಘಟಕದ ಖಾತೆಗೆ ಸೇರಿಸುವಂತೆಯೇ ಇಲ್ಲ. ಬೇಡಿಕೆ ತಿಳಿಯಲು 40 ಲಕ್ಷದ ಮಾರುಕಟ್ಟೆ ಪರೀಕ್ಷೆ ಸಾಕಾಗುವುದಾದರೆ, 99 ಲಕ್ಷ ಕಳೆದುಕೊಂಡು ಅದೇ ತಿಳಿವಳಿಕೆ ಪಡೆಯುವುದು ದುಬಾರಿ.

ಇನ್ನೊಂದು ದೋಷ ಕಾಣುವುದು ಮೂರು ವರ್ಷದ ನಂತರ. ಬೇಡಿಕೆ ಕುದುರದಿದ್ದರೂ ‘ಇಷ್ಟು ದೂರ ಬಂದಾಗಿದೆ’ ಎಂದು ಕಾರ್ಖಾನೆ ಕಟ್ಟುವ ಸಂಸ್ಥೆಗೆ ಬೇಡವೆನ್ನುವ ಹಕ್ಕು ಕಾಗದದ ಮೇಲಷ್ಟೇ ಇರುತ್ತದೆ, ಮತ್ತು 2.3 ಕೋಟಿ ಪೂರ್ತಿ ನಿಂತಿರುವುದು ಆ ಹಕ್ಕಿನ ಮೇಲೆಯೇ. ಆದ್ದರಿಂದ ಮೂರನೇ ವರ್ಷ ಮಾರಾಟ ಎಷ್ಟಕ್ಕಿಂತ ಕಡಿಮೆಯಾದರೆ ವಿಸ್ತರಣೆ ಇಲ್ಲ, ಆ ತೀರ್ಮಾನ ಯಾರದು ಎಂಬುದನ್ನು ಮೊದಲ 10 ಕೋಟಿ ಮಂಜೂರಾಗುವ ದಿನವೇ ಠರಾವಿನಲ್ಲಿ ಬರೆಸಬೇಕು. ಘಟಕದ ಪರವಾಗಿ ವಾದಿಸಿದವರ ಕೈಗೇ ಆ ತೀರ್ಮಾನವನ್ನು ಬಿಡಬಾರದು.